ಸಾವಿರದ ಎಂಟುನೂರ ಎರಡರ ಸುಣ್ಣ

ಪರೀಕ್ಷೆಯ ನೋಟ್ಸಿನಿಂದ ಕಥೆ ಹುಟ್ಟುತ್ತದೆಯೇ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಕಷ್ಟ. ಅದೂ ಎಂಥ ನೋಟ್ಸು? ಕಾರ್ಖಾನೆ ಕಾಯ್ದೆಗಳು ಹೇಗೆ ಬಂದವು, ಕಸುಬಿನ ಕಾಯಿಲೆಗಳನ್ನು ವೈದ್ಯರು ಯಾವಾಗ ಗುರುತಿಸಿದರು ಎಂಬಂಥದ್ದು. ಓದಿದವರಿಗೆ ಆಕಳಿಕೆ, ಓದದವರಿಗೆ ನೆಮ್ಮದಿ. ಇಂಥದ್ದನ್ನು ಕಥೆಯೆಂದು ಮುಂದಿಡುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇಸವಿಗಳನ್ನು ಆದಷ್ಟು ಬಿಟ್ಟಿದೆ. ಒಂದನ್ನಂತೂ ಬಿಡುವ ಹಾಗೇ ಇರಲಿಲ್ಲ. ಡ್ರೆಸ್ಸರಕ್ಕನ ಉಸಿರು ಆ ಒಂದು ಇಸವಿಗೆ ಸಿಕ್ಕಿಹಾಕಿಕೊಂಡಿತ್ತು.

ಡ್ರೆಸ್ಸರಕ್ಕ ಎಂದರೆ ಹತ್ತಿ ಗಿರಣಿಯ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವಾಕೆ. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಗಿರಣಿಯಲ್ಲಿ ಅದು ಸಂಬಳದ ದಿನ ಬಿಟ್ಟರೆ ಬೇರೆಂದೂ ಕೇಳಿಬರುತ್ತಿರಲಿಲ್ಲ. ಅವಳು ಮೊದಲು ಸೇರಿದ್ದು ಕಾರ್ಡಿಂಗ್ ವಿಭಾಗಕ್ಕೆ. ಒತ್ತಿ ಕಟ್ಟಿದ ಮೂಟೆಯಿಂದ ಬಿಚ್ಚಿದ ಹತ್ತಿಯನ್ನು ಮುಳ್ಳಿನ ಉರುಳೆಗಳು ಬಾಚುವ ಜಾಗ ಅದು. ಅಲ್ಲಿ ಗಾಳಿಯೇ ಬೆಳ್ಳಗಿರುತ್ತದೆ. ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ, ಊಟದ ಡಬ್ಬಿಯ ಮುಚ್ಚಳದ ಮೇಲೆ ನವಿರು ಧೂಳು ಕೂರುತ್ತದೆ. ಕೆಲವು ವರ್ಷ ಕಳೆದ ಮೇಲೆ ಅವಳಿಗೆ ಒಂದು ವಿಚಿತ್ರ ಶುರುವಾಯಿತು. ಭಾನುವಾರ ರಜೆ ಕಳೆದು ಸೋಮವಾರ ಕೆಲಸಕ್ಕೆ ಬಂದರೆ ಮಧ್ಯಾಹ್ನದ ಹೊತ್ತಿಗೆ ಎದೆಗೆ ಹಗ್ಗ ಬಿಗಿದಂತಾಗುತ್ತಿತ್ತು. ಮಂಗಳವಾರ ಹಗ್ಗ ಸ್ವಲ್ಪ ಸಡಿಲ. ವಾರದ ನಡುವೆ ಮಾಯ. ಮತ್ತೆ ಸೋಮವಾರ ಹಾಜರು. ರಜೆ ಮುಗಿದರೆ ಯಾರಿಗೆ ತಾನೇ ಎದೆ ಬಿಗಿಯುವುದಿಲ್ಲ ಎಂದು ಎಲ್ಲರೂ ನಗುತ್ತಿದ್ದರು. ಅವಳೂ ನಕ್ಕಳು. ಕ್ರಮೇಣ ಬಿಗಿತ ಬುಧವಾರದವರೆಗೂ ಉಳಿಯತೊಡಗಿದಾಗ ನಗುವುದನ್ನು ಬಿಟ್ಟಳು.

ಪ್ರಥಮ ಚಿಕಿತ್ಸೆಯ ಹಳೆಯ ಡ್ರೆಸ್ಸರ್ ನಿವೃತ್ತನಾದಾಗ, ರಕ್ತ ಕಂಡರೆ ಕೈ ನಡುಗದವರು ಯಾರಿದ್ದೀರಿ ಎಂದು ಕೇಳಿದರು. ಇವಳು ಕೈಯೆತ್ತಿದಳು. ಗಾಯ ತೊಳೆಯುವ ಕಾರ್ಬಾಲಿಕ್ ವಾಸನೆಯ ಆ ಪುಟ್ಟ ಕೋಣೆಗೆ ಬಂದ ಮೇಲೆ ಅವಳ ಸೋಮವಾರಗಳು ಬೇರೆಯವರ ಸೋಮವಾರಗಳಂತೆ ಆದವು. ಮೆಟ್ಟಿಲು ಹತ್ತಿ ಮಾತಾಡಬಲ್ಲವಳಾದಳು. ಮನೆಯಲ್ಲಿ ಹಾಡು ಗುನುಗಿದಾಗ ಗಂಡ ಹೊಲಿಗೆ ಯಂತ್ರ ನಿಲ್ಲಿಸಿ ತಿರುಗಿ ನೋಡಿದ್ದನಂತೆ.

ಆಮೇಲೆ ಹೊಸ ಆದೇಶ ಬಂತು. ಪ್ರಥಮ ಚಿಕಿತ್ಸೆಯ ಕೋಣೆ ನೋಡಿಕೊಳ್ಳುವವರು ಕೈಗಾರಿಕಾ ಆರೋಗ್ಯದ ಪ್ರಮಾಣಪತ್ರ ಪಡೆದಿರಲೇಬೇಕು. ಪಡೆಯದವರು ತಮ್ಮ ಮೂಲ ವಿಭಾಗಕ್ಕೆ ಹಿಂದಿರುಗಬೇಕು.

ಮ್ಯಾನೇಜರು ಕೆಟ್ಟವರಲ್ಲ. ಅವಳನ್ನು ಕರೆದು ಸಮಾಧಾನ ಹೇಳಿದರು. "ನೀವು ಗಾಬರಿ ಆಗ್ಬೇಡಿ ಅಮ್ಮ. ಪಾಸಾಗದಿದ್ರೂ ಕೆಲಸ ಹೋಗಲ್ಲ. ಕಾರ್ಡಿಂಗ್‌ನಲ್ಲಿ ನಿಮ್ಮ ಜಾಗ ಹಾಗೇ ಇದೆ."

ಅವಳು ಗಾಬರಿಯಾದದ್ದು ಆ ಮಾತಿಗೇ.

ಹಾಗೆ ಅವಳು ಸಂಜೆ ತರಗತಿಗೆ ಸೇರಿದಳು. ಪ್ರಾಥಮಿಕ ಶಾಲೆಯೊಂದರ ಮಹಡಿಯ ಕೋಣೆ. ಹಗಲು ಅಲ್ಲಿ ಎಳೆಯ ಮಕ್ಕಳು ಅಕ್ಷರ ಕಲಿಯುತ್ತಿದ್ದರು. ಸಂಜೆ ಅದೇ ಗಿಡ್ಡ ಬೆಂಚುಗಳ ಮೇಲೆ ಮೀಸೆಯವರು, ಮಕ್ಕಳ ತಾಯಂದಿರು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂರುತ್ತಿದ್ದರು. ಗೋಡೆಯ ತುಂಬ ಆನೆ, ಮೊಲ, ಛತ್ರಿಯ ಚಿತ್ರಪಟಗಳು. ಬೋರ್ಡಿನ ಮೂಲೆಯಲ್ಲಿ ಹಗಲಿನ ಟೀಚರಮ್ಮ "ಅಳಿಸಬೇಡಿ" ಎಂದು ಬರೆದು ಗೆರೆ ಕೊರೆದಿಟ್ಟ ಮಗ್ಗಿ. ಅದನ್ನು ಅಳಿಸದೆ ಉಳಿದ ಜಾಗದಲ್ಲಿ ಸೀಸದ ವಿಷ, ರಂಜಕದ ವಿಷ, ಗಿರಣಿಯ ಧೂಳು ಎಲ್ಲವನ್ನೂ ಹಿಡಿಸಬೇಕಿತ್ತು. ಆಗ ಅಲ್ಲಿ ಕುಳಿತಿದ್ದವರು ಈಗ ಭೇಟಿಯಾದರೆ ಪಾಠಕ್ಕಿಂತ ಮೊದಲು ಆ ಮೊಲವನ್ನು ನೆನೆಯುತ್ತಾರೆ. ಅದಕ್ಕೆ ಒಂದು ಕಿವಿ ಹರಿದುಹೋಗಿತ್ತು. ಫಿಟ್ಟರು ಅದನ್ನು "ಮೆಷಿನ್ನಿಗೆ ಸಿಕ್ಕಿದ್ದು, ಪರಿಹಾರದ ಕೇಸು ನಡೀತಿದೆ" ಎನ್ನುತ್ತಿದ್ದ.

ಫಿಟ್ಟರು ಅದೇ ಗಿರಣಿಯವನು, ಅವಳ ಬೆಂಚಿನ ಜೊತೆಗಾರ. ಬಾಯಿ ಸುಮ್ಮನಿದ್ದರೆ ತುಕ್ಕು ಹಿಡಿಯುತ್ತದೆ ಎಂದು ನಂಬಿದವನು.

ಪಾಠ ಹೇಳುತ್ತಿದ್ದವರು ಡಾಕ್ಟರ್ ಮೇಷ್ಟ್ರು. ಹಲವು ಕಾರ್ಖಾನೆಗಳ ವೈದ್ಯರಾಗಿದ್ದು ನಿವೃತ್ತರಾದವರು. ತೆಳ್ಳಗೆ, ಎತ್ತರಕ್ಕೆ, ಒಗೆದು ಒಗೆದು ಬಣ್ಣ ಬಿಟ್ಟ ಕೋಟು. ಮೊದಲ ದಿನ ಅವರು ಹೆಸರು ಕೇಳಲಿಲ್ಲ. ಒಬ್ಬೊಬ್ಬರನ್ನೂ ಎಬ್ಬಿಸಿ "ನಿನ್ನ ಕಸುಬೇನು?" ಎಂದು ಕೇಳುತ್ತ ಬಂದರು. ಎಲ್ಲರದೂ ಮುಗಿದ ಮೇಲೆ ಹೇಳಿದರು.

"ಇದೇ ನಮ್ಮ ಮೊದಲ ಪಾಠ. ಮುನ್ನೂರು ವರ್ಷದ ಹಿಂದೆ ಇಟಲಿಯ ಒಬ್ಬ ವೈದ್ಯ ಹೇಳಿದ, ರೋಗಿಯನ್ನ ನೋಡೋಕೆ ಹೋದಾಗ ಬೇರೆಲ್ಲ ಪ್ರಶ್ನೆ ಜೊತೆಗೆ ಇದನ್ನೂ ಕೇಳಿ ಅಂತ. ಅಲ್ಲೀವರೆಗೆ ಯಾರೂ ಕೇಳ್ತಿರಲಿಲ್ಲ. ಆಮೇಲೂ ಬಹಳ ಜನ ಕೇಳಲಿಲ್ಲ ಅನ್ನಿ. ಬರ್ಕೊಳಿ."

"ಎಷ್ಟು ಮಾರ್ಕಿಗೆ ಬರುತ್ತೆ ಸರ್?" ಎಂದ ಫಿಟ್ಟರು.

"ಎರಡು. ನಿನಗೆ ಅಷ್ಟು ಬಂದ್ರೆ ನನಗೆ ಸಂತೋಷ."

ಕನ್ನಡದಲ್ಲಿ ಆ ವಿಷಯಕ್ಕೆ ಪುಸ್ತಕ ಸಿಗುತ್ತಿರಲಿಲ್ಲ. ಡಾಕ್ಟರ್ ಮೇಷ್ಟ್ರು ತಾವೇ ಕನ್ನಡಕ್ಕೆ ತಂದುಕೊಂಡು ಹೇಳಿ ಬರೆಸುತ್ತಿದ್ದರು. ಅವರ ದನಿ ಮೆದು, ಜೊತೆಗೆ ಕೆಮ್ಮು. ಬರೆದುಕೊಳ್ಳುವವರ ದುಡಿದ ಬೆರಳುಗಳು ಪೆನ್ನಿಗಿಂತ ಸ್ಪ್ಯಾನರಿಗೆ ಒಗ್ಗಿದವು. ಹಾಗಾಗಿ ಒಂದೊಂದು ನೋಟ್ಸಿನಲ್ಲಿ ಒಂದೊಂದು ಇತಿಹಾಸ ನಡೆಯುತ್ತಿತ್ತು. ಯಂತ್ರಗಳಿಗೆ ಬೇಲಿ ಹಾಕಬೇಕೆಂಬ ಕಾನೂನು, ಅಂದರೆ ತಿರುಗುವ ಭಾಗಕ್ಕೆ ಕೈ ತಾಗದಂತೆ ತಡೆ ಇರಬೇಕೆಂಬುದು, ಒಬ್ಬರ ಪುಸ್ತಕದಲ್ಲಿ ಗಿರಣಿಯ ಸುತ್ತ ಮುಳ್ಳುಬೇಲಿಯಾಗಿ ದನಗಳನ್ನು ತಡೆಯುತ್ತಿತ್ತು.

ಡ್ರೆಸ್ಸರಕ್ಕನಿಗೆ ಎಲ್ಲ ವಿಷಯವೂ ಬರುತ್ತಿತ್ತು. ಸುಟ್ಟ ಗಾಯ, ಮುರಿದ ಮೂಳೆ, ಧೂಳಿನ ಕಾಯಿಲೆ, ಯಾವುದನ್ನು ಕೇಳಿದರೂ ಸರಿ. ಇತಿಹಾಸದ ಪತ್ರಿಕೆ ಬಂದರೆ ಮಾತ್ರ ಕಾಲ ಕೆಳಗಿನ ನೆಲ ಜಾರುತ್ತಿತ್ತು. ಮೊದಲ ಸಲ ಅವಳು ಫೇಲಾದದ್ದು ಅದರಲ್ಲೇ. ಅದೂ ಒಂದು ಪದದಿಂದ.

ಸಾವಿರದ ಎಂಟುನೂರ ಎರಡರ ಕಾಯ್ದೆಯ ಪಾಠದ ದಿನ ಅವಳ ಮಗಳಿಗೆ ಜ್ವರ. ತರಗತಿ ತಪ್ಪಿತು. ಮರುದಿನ ಫಿಟ್ಟರನ ನೋಟ್ಸು ತಂದು ನಕಲು ಮಾಡಿಕೊಂಡಳು. ಇಂಗ್ಲೆಂಡಿನ ಗಿರಣಿಗಳಲ್ಲಿ ಅನಾಥ ಮಕ್ಕಳನ್ನು ಕೆಲಸ ಕಲಿಯುವ ನೆಪದಲ್ಲಿ ದುಡಿಸುತ್ತಿದ್ದ ಕಾಲ. ಆ ಮಕ್ಕಳಿಗೆ ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದು, ಎರಡು ಜೊತೆ ಬಟ್ಟೆ ಕೊಡಬೇಕು, ಓದು ಬರಹ ಕಲಿಸಬೇಕು, ಗಿರಣಿಯ ಗೋಡೆಗೆ ವರ್ಷಕ್ಕೆ ಎರಡು ಸಲ ಸುಣ್ಣ ಹೊಡೆಸಬೇಕು ಎಂದು ಕಾಯ್ದೆ ಹೇಳಿತು. ಇದೆಲ್ಲ ನಡೆಯುತ್ತಿದೆಯೇ ಎಂದು ನೋಡಲು ಊರಿನ ನ್ಯಾಯಾಧಿಕಾರಿಗಳು ಇಬ್ಬರು ಸಂದರ್ಶಕರನ್ನು ನೇಮಿಸಬೇಕು. ಒಬ್ಬ ನ್ಯಾಯಾಧಿಕಾರಿ, ಇನ್ನೊಬ್ಬ ಪಾದ್ರಿ.

ಡಾಕ್ಟರ್ ಮೇಷ್ಟ್ರು ಬರೆಸಿದ್ದು ಸಂದರ್ಶಕರು ಎಂದೇ. ಆದರೆ ಫಿಟ್ಟರನಿಗೆ ಅಷ್ಟುದ್ದದ ಪದ ಬರೆಯಲು ಬೇಸರ. "ಸಂದರ್ಶಕರು ಅಂದ್ರೆ ಬಂದು ಹೋಗೋರು ತಾನೆ, ನೆಂಟರು" ಎಂದುಕೊಂಡು ನೆಂಟರು ಎಂದೇ ಗೀಚಿದ್ದ. ಸುಣ್ಣದ ಸಾಲು ಅದರ ಮೇಲೆಯೇ ಇತ್ತು. ನಡುವೆ ಚುಕ್ಕಿ ಇಡಲು ಮರೆತಿದ್ದ.

ಡ್ರೆಸ್ಸರಕ್ಕ ಪರೀಕ್ಷೆಯಲ್ಲಿ ನಿಷ್ಠೆಯಿಂದ ಬರೆದಳು: ಪ್ರತಿ ಗಿರಣಿಗೆ ಇಬ್ಬರು ನೆಂಟರು ಬರತಕ್ಕದ್ದು. ಅವರಿಗಾಗಿ ವರ್ಷಕ್ಕೆ ಎರಡು ಸಲ ಗೋಡೆಗೆ ಸುಣ್ಣ ಹೊಡೆಸತಕ್ಕದ್ದು.

ಫಲಿತಾಂಶ ಬಂದ ಮೇಲೆ ಉತ್ತರಪತ್ರಿಕೆಯ ಸುದ್ದಿ ಹೇಗೋ ತರಗತಿಗೂ ತಲುಪಿತು. ಫಿಟ್ಟರು ನೋಟ್ಸಿನಲ್ಲಿ ಅದೇ ಪದ ಬರೆದುಕೊಂಡೂ ಪಾಸಾಗಿದ್ದ, ಏಕೆಂದರೆ ಅವನು ಆ ಪ್ರಶ್ನೆಯನ್ನು ಬಿಟ್ಟು ಬೇರೆಯದನ್ನು ಆರಿಸಿಕೊಂಡಿದ್ದ. ನಾಚಿಕೆಗೆ ಅವನು ಅವಳ ಮುಂದೆ ಎರಡು ವಾರ ತಲೆಯೆತ್ತಲಿಲ್ಲ. ಆಮೇಲೆ ಮರೆತ.

ಅವಳು ಡಾಕ್ಟರ್ ಮೇಷ್ಟ್ರ ಮುಂದೆ ಹೋಗಿ ನಿಂತಳು. "ಸರ್, ನನ್ನ ತಲೆಗೆ ಇದು ಹತ್ತಲ್ಲ. ಬಿಟ್ಬಿಡ್ತೀನಿ."

"ಏನಂತ ಬರೆದೆ, ನಿನ್ನ ಬಾಯಲ್ಲೇ ಹೇಳು."

ಹೇಳಿದಳು. ಅವರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಕಣ್ಣೀರಾಯಿತು. ಕರವಸ್ತ್ರದಿಂದ ಮುಖ ಒರೆಸಿಕೊಂಡು ಕೂತರು.

"ತಪ್ಪು. ಪೂರಾ ತಪ್ಪು. ಸೊನ್ನೆ ಕೊಟ್ಟಿದ್ದು ನ್ಯಾಯ. ಆದ್ರೆ ನೋಡಮ್ಮ, ಆ ಕಾಯ್ದೆ ಸೋತಿದ್ದು ಯಾಕೆ ಅಂತ ಕೇಳಿದ್ರೆ ಇದೇ ಉತ್ತರ. ಆ ಸಂದರ್ಶಕರು ಯಾರು? ಅದೇ ಊರಿನವರು. ಗಿರಣಿ ಯಜಮಾನನ ಅಕ್ಕಪಕ್ಕದವರು, ಅವನ ಮನೇಲಿ ಊಟಕ್ಕೆ ಕೂರೋರು. ಅವರಿಗೆ ಸಂಬಳ ಇಲ್ಲ. ಎಷ್ಟೋ ಕಡೆ ನೇಮಕ ಆಗಲೇ ಇಲ್ಲ. ಆದ ಕಡೆ ನೆಂಟರ ಹಾಗೆ ಬಂದರು, ನೆಂಟರ ಹಾಗೆ ಹೋದರು. ಮೂವತ್ತು ವರ್ಷ ಹೀಗೇ. ಎಂಟುನೂರ ಮೂವತ್ತಮೂರರಲ್ಲಿ ಸರ್ಕಾರದ ಸಂಬಳದ ಇನ್‌ಸ್ಪೆಕ್ಟರುಗಳು ಬಂದರು. ಇಡೀ ದೇಶಕ್ಕೆ ನಾಲ್ಕೇ ಜನ. ಆದ್ರೂ ಅವರು ಯಾರ ನೆಂಟರೂ ಅಲ್ಲ. ಗಿರಣಿ ನಡೀತಿರೋ ಯಾವ ಹೊತ್ತಲ್ಲಾದರೂ ಒಳಗೆ ಹೋಗಬಹುದಿತ್ತು. ಈಗ ಅರ್ಥ ಆಯ್ತಾ?"

ಅರ್ಥವಾಯಿತು. ಅವಳ ತಲೆಯಲ್ಲಿ ಇತಿಹಾಸಕ್ಕೆ ಮೊದಲ ಸಲ ಬಾಗಿಲು ಕಿಟಕಿಗಳು ಬಂದವು. ಅಲ್ಲಿಯವರೆಗೆ ಇಸವಿಗಳು ಗೋಡೆಯ ಮೇಲಿನ ಇರುವೆ ಸಾಲಿನಂತೆ ಹರಿದುಹೋಗುತ್ತಿದ್ದವು. ಈಗ ಒಂದೊಂದು ಇಸವಿಯಲ್ಲೂ ಯಾರೋ ಬಾಗಿಲು ತಟ್ಟುತ್ತಿದ್ದರು, ಯಾರೋ ತೆಗೆಯುತ್ತಿದ್ದರು, ಅಥವಾ ತೆಗೆಯುತ್ತಿರಲಿಲ್ಲ.

ಮನೆಯಲ್ಲಿ ಗಂಡನೇ ಪರೀಕ್ಷಕ. ಅವನು ದರ್ಜಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರ ತುಳಿಯುತ್ತಲೇ ಪ್ರಶ್ನೆ ಕೇಳುತ್ತಿದ್ದ. ಅವಳು ತರಕಾರಿ ಹೆಚ್ಚುತ್ತಲೇ ಒಂದೊಂದು ಪದದಲ್ಲಿ ಉತ್ತರ ಕೊಡಬೇಕು. ಇಬ್ಬರೂ ಸೇರಿ ಮಾಡಿಕೊಂಡ ಉಪಾಯ ಅದು.

"ಎಂಟುನೂರ ಎರಡು?"

"ಸುಣ್ಣ."

"ಮೂವತ್ತಮೂರು?"

"ಇನ್‌ಸ್ಪೆಕ್ಟರು."

"ನಲವತ್ತನಾಲ್ಕು?"

"ಬೇಲಿ."

"ಯಾವ ಬೇಲಿ? ದನದ್ದಾ?"

"ಮೆಷಿನ್ನಿಂದು. ನಿಮ್ಮ ಹೊಲಿಗೆ ಮೆಷಿನ್ ಬೆಲ್ಟಿಗೂ ಒಂದು ಹಾಕಿಸ್ಬೇಕು, ಮಗು ಓಡಾಡುತ್ತೆ."

"ವಿಷಯ ಬದಲಾಯಿಸ್ಬೇಡ. ತೊಂಬತ್ತೈದು?"

"ಸೀಸ. ಸೀಸ, ರಂಜಕ, ಆರ್ಸೆನಿಕ್ಕು, ಆಂಥ್ರಾಕ್ಸು. ಈ ಕಾಯಿಲೆ ಕಂಡ ಡಾಕ್ಟರು ಸರ್ಕಾರಕ್ಕೆ ತಿಳಿಸಲೇಬೇಕು."

"ತೊಂಬತ್ತೆಂಟು?"

"ಡಾಕ್ಟರು. ಇನ್‌ಸ್ಪೆಕ್ಟರುಗಳ ಜೊತೆ ಮೊದಲನೇ ಸಲ ಒಬ್ಬ ಡಾಕ್ಟರು."

"ನೋಡು, ಸುಣ್ಣ ಹೊಡೆದು ಡಾಕ್ಟರು ಬರೋಕೆ ನೂರು ವರ್ಷ ಹಿಡೀತು. ನೀನು ಒಂದು ಸಲ ಫೇಲಾಗಿದ್ದಕ್ಕೆ ಅಳ್ತೀಯಲ್ಲ."

ಯಂತ್ರದ ಟಕಟಕ, ಎಣ್ಣೆಯ ವಾಸನೆ, ಬಟ್ಟೆಯ ಚೂರುಗಳ ನಡುವೆ ನಿದ್ದೆ ಹೋದ ಮಗಳು. ಆ ಸಂಜೆಗಳನ್ನು ನೆನೆದಾಗ ಡ್ರೆಸ್ಸರಕ್ಕನಿಗೆ ಇಂದಿಗೂ ಎನಿಸುವುದುಂಟು, ತಾನು ಓದಿದ್ದರಲ್ಲಿ ಅರ್ಧ ಆ ಯಂತ್ರದ ತಾಳಕ್ಕೆ ಕಲಿತದ್ದು ಎಂದು.

ಎರಡನೆಯ ಸಲದ ಪರೀಕ್ಷೆ ಹತ್ತಿರ ಬಂತು. ಇದೇ ಕೊನೆಯ ಅವಕಾಶ. ಅಷ್ಟರಲ್ಲಿ ಗಿರಣಿಯಲ್ಲಿ ಏಣಿ, ಬಕೆಟ್ಟು, ಕುಂಚ ಹೊರಬಂದವು. ಕಾರ್ಡಿಂಗ್‌ನಿಂದ ಹಿಡಿದು ಕಕ್ಕಸಿನವರೆಗೆ ಸುಣ್ಣ ಬಳಿದರು. ಪ್ರಥಮ ಚಿಕಿತ್ಸೆಯ ಕೋಣೆಗೂ ಬಂದರು. ಬ್ಯಾಂಡೇಜಿನ ಡಬ್ಬಿಗಳ ಮೇಲೆ ಬೆಡ್‌ಶೀಟು ಹೊದಿಸಿ ನಿಂತಳು. ಯಾರೂ ಹೇಳಬೇಕಿರಲಿಲ್ಲ. ಯಾರೋ ಬರುತ್ತಿದ್ದಾರೆ.

ಗುರುವಾರ ಬಂದರು. ಕಾರ್ಖಾನೆಗಳ ಇಲಾಖೆಯ ವೈದ್ಯಾಧಿಕಾರಿ. ಮೊದಲು ಮ್ಯಾನೇಜರ ಕೋಣೆಯಲ್ಲಿ ಟೀ, ಬಿಸ್ಕತ್ತು. ಆಮೇಲೆ ಮ್ಯಾನೇಜರ ಜೊತೆ ಸುತ್ತು. ಪ್ರಥಮ ಚಿಕಿತ್ಸೆಯ ಕೋಣೆಗೆ ಬಂದಾಗ ಅವರಿಗೆ ದಣಿವಾಗಿತ್ತೋ ಏನೋ, ಮಾತಾಡುತ್ತ ಗೋಡೆಗೆ ಒರಗಲು ಹೋದರು.

"ಒರಗಬೇಡಿ ಸರ್," ಎಂದಳು ಡ್ರೆಸ್ಸರಕ್ಕ. "ಸುಣ್ಣ ಹಸಿಯಿದೆ."

ಮ್ಯಾನೇಜರು ಅವಳತ್ತ ನೋಡಿದ ನೋಟಕ್ಕೆ ಸುಣ್ಣ ಅಲ್ಲೇ ಒಣಗಿಹೋಗಬೇಕಿತ್ತು.

ಅಧಿಕಾರಿ ನೆಟ್ಟಗೆ ನಿಂತರು. "ಕಾರ್ಡಿಂಗ್‌ನವರಿಗೆ ಎದೆ ಬಿಗಿತ, ಉಸಿರಿನ ತೊಂದರೆ ಏನಾದ್ರೂ?"

ಅವಳು ಬಾಯಿ ತೆರೆದಳು. ಮ್ಯಾನೇಜರು ಅಷ್ಟರಲ್ಲೇ, "ನೀವೇ ನೋಡಿದ್ರಲ್ಲ ಸರ್, ಎಲ್ಲ ಗಟ್ಟಿಮುಟ್ಟಾಗಿ ಕೆಲಸ ಮಾಡ್ತಿದ್ರು" ಎಂದರು. ಅದು ಸುಳ್ಳೂ ಅಲ್ಲ. ಗುರುವಾರ ಯಾರಿಗೂ ಅಷ್ಟಾಗಿ ಎದೆ ಬಿಗಿಯುವುದಿಲ್ಲ. ಅಧಿಕಾರಿ ಅವಳ ಮುಖ ನೋಡಿದರು. ಅವಳು ನೆಲ ನೋಡಿದಳು.

ಅವರು ಹೋದ ಮೇಲೆ ಫಿಟ್ಟರು ಬಾಗಿಲಲ್ಲಿ ತಲೆ ಹಾಕಿದ. "ಅಕ್ಕಾ, ಆ ಸಾಹೇಬರು ಯಾರು ಗೊತ್ತಾ? ನಿನ್ನ ನೆಂಟರು."

"ಯಾವ ನೆಂಟರೋ?"

"ನಿನ್ನ ಪೇಪರ್ ನೋಡಿ ಸೊನ್ನೆ ಕೊಟ್ಟವರು. ಈ ಸಲ ಬಾಯಿಪರೀಕ್ಷೆಗೂ ಅವರೇ. ನಮ್ಮ ಮೇಷ್ಟ್ರ ಹಳೇ ಶಿಷ್ಯರಂತೆ."

ಆ ಸಂಜೆಯೇ ಅವಳು ಡಾಕ್ಟರ್ ಮೇಷ್ಟ್ರ ಬಳಿ ಹೋದಳು. ಅವರಿಗೆ ಆಗ ಪಾಠ ಹೇಳುವಷ್ಟು ದನಿಯೂ ಉಳಿದಿರಲಿಲ್ಲ. ಮನೆಯ ಜಗಲಿಯಲ್ಲಿ ಕುತ್ತಿಗೆಗೆ ಮಫ್ಲರ್ ಸುತ್ತಿ ಕೂತಿದ್ದರು. ಸುಣ್ಣದ ಕಥೆ ಕೇಳಿ ತುಟಿಯಂಚಿನಲ್ಲಿ ನಕ್ಕರು.

"ಅವನು ಒಳ್ಳೆ ಹುಡುಗ. ಆದ್ರೆ ನೀನು ಸಾಹಸ ಮಾಡೋಕೆ ಹೋಗ್ಬೇಡ. ನೋಟ್ಸಲ್ಲಿ ಇರೋದನ್ನ ಹೇಳು, ಪಾಸಾಗು. ಆ ಕೋಣೇಲಿ ನೀನಿರಬೇಕು. ಮಿಕ್ಕಿದ್ದೆಲ್ಲ ಆಮೇಲೆ."

"ಹೇಳ್ಬೇಕಾದ್ದನ್ನ ಹೇಳಲಿಲ್ಲ ಅಂತ ಆಗಿಂದ ಒಳಗೆ ಕೊರೀತಿದೆ ಸರ್."

"ಅದಕ್ಕೆ ಔಷಧಿ ನನ್ನ ಹತ್ರ ಇಲ್ಲ," ಎಂದು ಅವರು ಮಫ್ಲರ್ ಎಳೆದುಕೊಂಡರು.

ಬರಹದ ಪರೀಕ್ಷೆ ಹೇಗೋ ಆಯಿತು. ಸಂದರ್ಶಕರು ಎಂಬ ಪದವನ್ನು ಅವಳು ಒಂದೊಂದು ಅಕ್ಷರ ಉಚ್ಚರಿಸಿಕೊಂಡು ಬರೆದಳು. ಆದರೆ ಕೊನೆಯ ಪ್ರಶ್ನೆಗೆ ಹೊತ್ತು ಸಾಲಲಿಲ್ಲ. ಹಾಗಾಗಿ ಬಾಯಿಪರೀಕ್ಷೆಯ ಅಂಕಗಳೇ ದಡ ಸೇರಿಸಬೇಕಿತ್ತು.

ಇಲಾಖೆಯ ಕಚೇರಿಯ ಉದ್ದ ಹಾದಿಯಲ್ಲಿ ಬೆಂಚು. ಒಳಗೆ ಹೋದವರು ಬೆವರೊರೆಸಿಕೊಂಡು ಬರುತ್ತಿದ್ದರು. ಅವಳ ಸರದಿ ಬಂತು. ಮೇಜಿನ ಆಚೆ ಅದೇ ಅಧಿಕಾರಿ, ಕನ್ನಡಕ ಹಣೆಯ ಮೇಲೆ.

"ಕೂತ್ಕೊಳಿ. ನೆಂಟರ ಪೇಪರು ನಿಮ್ಮದೇ ಅಲ್ವಾ?"

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. "ಹೌದು ಸರ್."

"ಹಾಗಾದ್ರೆ ಅದನ್ನೇ ಕೇಳ್ತೀನಿ. ಸಂದರ್ಶಕ ಅಂದ್ರೆ ಯಾರು?"

ಅವಳು ಹೇಳಿದಳು. ಇಬ್ಬರು, ಒಬ್ಬ ನ್ಯಾಯಾಧಿಕಾರಿ, ಒಬ್ಬ ಪಾದ್ರಿ. ಗಿರಣಿಯ ವ್ಯವಹಾರದಲ್ಲಿ ಪಾಲಿಲ್ಲದವರಾಗಿರಬೇಕು. ಸಂಬಳವಿಲ್ಲ. ಗಿರಣಿಯಲ್ಲಿ ಅಂಟುರೋಗ ಕಂಡರೆ ವೈದ್ಯರನ್ನು ಕರೆಸುವಂತೆ ಹೇಳುವ ಅಧಿಕಾರ ಇತ್ತು. ಕಾಯ್ದೆ ಸೋತದ್ದು ಯಾಕೆಂದು ಕೇಳಿದರು. ಅದನ್ನೂ ಹೇಳಿದಳು. ಪದಗಳು ಒಂದರ ಹಿಂದೊಂದು ಬಂದವು, ಎಲ್ಲೋ ದೂರದಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿರುವಂತೆ.

ಅಧಿಕಾರಿ ತಲೆಯಾಡಿಸಿದರು. "ಚೆನ್ನಾಗಿದೆ. ಅಂದ್ರೆ ಮೂವತ್ತಮೂರರ ಇನ್‌ಸ್ಪೆಕ್ಟರುಗಳು ಬಂದ ಮೇಲೆ ನೆಂಟಸ್ತಿಕೆ ಮುಗೀತು?"

ಹೌದು ಎಂದರೆ ಮುಗಿಯಿತು. ನೋಟ್ಸಿನಲ್ಲಿ ಹೌದು ಎಂದೇ ಇತ್ತು. ಹೌದು ಎಂದರೆ ಕಾರ್ಬಾಲಿಕ್ ವಾಸನೆಯ ಕೋಣೆ, ಮೆಟ್ಟಿಲು ಹತ್ತಿ ಮಾತಾಡುವ ಎದೆ, ಗುನುಗುವ ಹಾಡು.

"ನೋಟ್ಸಲ್ಲಿ ಹಾಗಿದೆ ಸರ್," ಎಂದಳು.

"ನೋಟ್ಸು ನನಗೂ ಗೊತ್ತು. ನಿಮಗೇನನ್ಸುತ್ತೆ?"

ಫ್ಯಾನು ಕಿರುಗುಟ್ಟುತ್ತಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅವತ್ತು ಸುಣ್ಣ ಒಣಗಿರಲಿಲ್ಲ ಸರ್."

"ಏನು?"

"ನೀವು ನಮ್ಮ ಗಿರಣಿಗೆ ಬಂದಾಗ. ಗೋಡೆಗೆ ಒರಗಬೇಡಿ ಅಂದೆನಲ್ಲ. ನೀವು ಬರ್ತೀರಿ ಅಂತ ನಮಗೆ ಆ ವಾರದ ಶುರುವಲ್ಲೇ ಗೊತ್ತಿತ್ತು ಸರ್. ಸುಣ್ಣ ಹೊಡೆದ್ರು." ಇಷ್ಟು ಹೇಳಿದ ಮೇಲೆ ನಿಲ್ಲಿಸುವುದೂ ಕಷ್ಟವಾಯಿತು. "ನಿಮ್ಮನ್ನ ಅಂತಲ್ಲ ಸರ್. ನೀವು ಕೇಳಿದ್ರಿ. ಉಸಿರಿನ ತೊಂದರೆ ಇದೆಯಾ ಅಂತ ಕೇಳಿದ್ದು ನೀವೊಬ್ಬರೇ. ಆದ್ರೆ ಮ್ಯಾನೇಜರ್ ಸಾಹೇಬರು ಪಕ್ಕದಲ್ಲಿದ್ರು. ನಾನೂ ಹೇಳಲಿಲ್ಲ."

ಅವರು ಕನ್ನಡಕವನ್ನು ಮೂಗಿಗೆ ಇಳಿಸಿದರು. "ಈಗ ಹೇಳಿ."

"ಕಾರ್ಡಿಂಗ್‌ನವರು ಸೋಮವಾರ ಬರ್ತಾರೆ ಸರ್. ಮಧ್ಯಾಹ್ನದ ಮೇಲೆ. ಬೆಂಚು ಸಾಲಲ್ಲ."

"ನಾನು ಬಂದದ್ದು ಯಾವ ವಾರ?"

"ಗುರುವಾರ ಸರ್."

ಕಿಟಕಿಯಾಚೆ ಯಾರೋ ಸೈಕಲ್ಲು ನಿಲ್ಲಿಸಿ ಬೀಗ ಹಾಕುವ ಸದ್ದು. ಅವರು ಮುಂದಿದ್ದ ಕಾಗದದ ಮೇಲೆ ಏನೋ ಬರೆದರು. ಅವಳು ತಲೆಕೆಳಗಾಗಿ ಓದಲು ನೋಡಿದಳು, ಆಗಲಿಲ್ಲ. ಅವರ ಕೈಬರಹ ವೈದ್ಯರ ಕೈಬರಹ.

"ಇದು ಸಿಲಬಸ್ಸಿನಲ್ಲಿ ಇಲ್ಲ," ಎಂದರು.

"ಗೊತ್ತು ಸರ್."

"ಸರಿ, ನೀವು ಹೋಗಬಹುದು."

ಮನೆಗೆ ಬಂದವಳೇ ನೀರು ಕುಡಿಯದೆ ಗಂಡನ ಮುಂದೆ ಕೂತು ಎಲ್ಲ ಒಪ್ಪಿಸಿದಳು. ಅವನು ತುಳಿಯುವುದನ್ನು ನಿಲ್ಲಿಸಿದ.

"ಮಾರ್ಕು ಕೊಡೋರಿಗೇ ನೀವು ಟೀ ಕುಡಿದು ಹೋದ್ರಿ ಅಂತ ಹೇಳಿ ಬಂದ್ಯಾ?"

"ಟೀ ವಿಷಯ ಎತ್ತಲಿಲ್ಲ ರೀ. ಸುಣ್ಣದ್ದು ಮಾತ್ರ."

"ಬಿಸ್ಕತ್ತು?"

"ಇಲ್ಲ."

"ಸದ್ಯ." ಅವನು ಸೂಜಿಗೆ ದಾರ ಪೋಣಿಸಿದ. ಆಮೇಲೆ, "ಕಾರ್ಡಿಂಗ್‌ಗೆ ಕಳಿಸಿದ್ರೆ ಕೆಲಸ ಬಿಡು. ನಾನು ಇನ್ನೆರಡು ಗಂಟೆ ತುಳೀತೀನಿ" ಎಂದ. ಅವಳಿಗೆ ಆಗ ಅಳು ಬಂತು. ಆ ದಿನ ಅದುವರೆಗೂ ಬಂದಿರಲಿಲ್ಲ.

ಫಲಿತಾಂಶಕ್ಕೆ ಕಾದ ವಾರಗಳು ಹೇಗೆ ಕಳೆದವೆಂದು ಬರೆಯುವುದು ಬೇಡ. ಸೋಮವಾರ ಬೆಂಚಿನ ಮೇಲೆ ಕೂತವರ ಬೆನ್ನು ಸವರುವಾಗ ಅವಳು ಅವರ ಜಾಗದಲ್ಲಿ ತನ್ನನ್ನೇ ಕಾಣುತ್ತಿದ್ದಳು ಎಂದಷ್ಟೇ ಹೇಳಿದರೆ ಸಾಕು. ಒಮ್ಮೆ ಬೇಕೆಂದೇ ಕಾರ್ಡಿಂಗ್‌ನ ಬಾಗಿಲವರೆಗೆ ಹೋಗಿ ನಿಂತಳು. ಒಳಗೆ ಬಿಳಿ ಗಾಳಿ. ತನ್ನ ಹಳೆಯ ಯಂತ್ರದ ಮುಂದೆ ಯಾರೋ ಹೊಸಬಳು ಮೂಗಿಗೆ ಸೆರಗು ಕಟ್ಟಿಕೊಂಡು ನಿಂತಿದ್ದಳು.

ಪಟ್ಟಿ ಬಂತು. ಅವಳು ಪಾಸಾಗಿದ್ದಳು. ಇತಿಹಾಸದ ಪತ್ರಿಕೆಯಲ್ಲಿ ಪಾಸಿಗೆ ಬೇಕಾದಷ್ಟೇ ಅಂಕ, ಒಂದೂ ಹೆಚ್ಚಿಲ್ಲ.

"ಕರುಣೆ ಅಂಕ," ಎಂದ ಫಿಟ್ಟರು. "ನಿನ್ನ ಮುಖ ನೋಡಿ ಅಯ್ಯೋ ಪಾಪ ಅಂದಿರ್ಬೇಕು."

"ಉತ್ತರಕ್ಕೇ ಕೊಟ್ಟಿದ್ದು," ಎಂದ ಗಂಡ. "ಸೊನ್ನೆ ಕೊಟ್ಟ ಕೈಯಿಂದಲೇ ಈ ಸಲ ಮಾರ್ಕು ಬಂತಲ್ಲ."

ಡಾಕ್ಟರ್ ಮೇಷ್ಟ್ರಿಗೆ ಹೇಳಲು ಹೋದಾಗ ಅವರು ಹಾಸಿಗೆಯಲ್ಲಿದ್ದರು. ದನಿ ಪೂರ್ತಿ ಹೋಗಿತ್ತು. ಅವಳ ಕೈಯನ್ನು ಹಿಡಿದು ಎರಡು ಸಲ ಅದುಮಿದರು. ಅವರು ಹಳೆಯ ಶಿಷ್ಯನಿಗೆ ಏನಾದರೂ ಹೇಳಿದ್ದರೇ ಎಂದು ಕೇಳಬೇಕೆಂದುಕೊಂಡೇ ಹೋಗಿದ್ದಳು. ಆ ಕೈ ಅಷ್ಟು ಹಗುರಾಗಿತ್ತು, ಕೇಳಲು ಮನಸ್ಸಾಗಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಅವರು ಇರಲಿಲ್ಲ. ಶಾಲೆಯ ಮಹಡಿಯ ತರಗತಿಯೂ ನಿಂತಿತು. ಅಲ್ಲಿ ಕಲಿತವರು ಈಗ ಅಲ್ಲಲ್ಲಿ ಚದುರಿದ್ದಾರೆ. ಎಲ್ಲಿ ಇಬ್ಬರು ಸೇರಿದರೂ ಒಬ್ಬರು ದನಿ ತಗ್ಗಿಸಿ ಕೆಮ್ಮಿ "ಬರ್ಕೊಳಿ" ಎನ್ನುತ್ತಾರೆ. ಇನ್ನೊಬ್ಬರು ನಗುತ್ತಾರೆ.

ಅವರು ಹೋಗಿ ಕೆಲವು ತಿಂಗಳಾದ ಮೇಲೆ ಒಂದು ಸೋಮವಾರ, ಊಟದ ಗಂಟೆ ಕಳೆದ ಮೇಲೆ, ಇಲಾಖೆಯ ವೈದ್ಯಾಧಿಕಾರಿ ಗಿರಣಿಗೆ ಬಂದರು. ಯಾರಿಗೂ ತಿಳಿಸಿರಲಿಲ್ಲ. ಮ್ಯಾನೇಜರು ಕೋಟಿನ ತೋಳಿಗೆ ಕೈ ಹಾಕುತ್ತ ಓಡಿ ಬರುವಷ್ಟರಲ್ಲಿ ಅವರು ಪ್ರಥಮ ಚಿಕಿತ್ಸೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ, ಕಾರ್ಡಿಂಗ್‌ನವರ ನಡುವೆ ಕೂತಿದ್ದರು. ಒಬ್ಬೊಬ್ಬರ ಕೈಗೂ ಉಸಿರಿನ ಬಲ ಅಳೆಯುವ ಕೊಳವೆ ಕೊಟ್ಟು ಊದಿಸುತ್ತಿದ್ದರು. ಡ್ರೆಸ್ಸರಕ್ಕನನ್ನೂ ಊದಲು ಹೇಳಿದರು. ಅದರ ಮುಳ್ಳು ಎಷ್ಟು ಏರಿತೆಂದು ಅವಳಿಗೆ ಹೇಳಲಿಲ್ಲ. ಮತ್ತೊಮ್ಮೆ ಊದಿ ಎಂದರು ಅಷ್ಟೇ.

ಮರುವರ್ಷ ಕಾರ್ಡಿಂಗ್ ಯಂತ್ರಗಳ ಮೇಲೆ ಧೂಳು ಹೀರುವ ಕೊಳವೆಗಳು ಬಂದವು. ಆ ಭೇಟಿಯಿಂದಲೇ ಬಂದವು ಎನ್ನುವವರಿದ್ದಾರೆ. ಹೊಸ ಯಂತ್ರಗಳ ಜೊತೆ ಹೇಗೂ ಬರಬೇಕಿತ್ತು, ಆರ್ಡರು ಮೊದಲೇ ಹೋಗಿತ್ತು ಎನ್ನುವವರೂ ಇದ್ದಾರೆ. ಆ ಸೋಮವಾರದ ಸರದಿ ಇಲಾಖೆಯ ಮಾಮೂಲಿ ಸರದಿಯೂ ಆಗಿದ್ದೀತು. ಅಧಿಕಾರಿಗೆ ಆಮೇಲೆ ಬೇರೆ ಕಡೆಗೆ ವರ್ಗವಾಯಿತು. ಡ್ರೆಸ್ಸರಕ್ಕ ನಿವೃತ್ತಳಾಗುವವರೆಗೂ ಆ ಕೋಣೆಯಲ್ಲೇ ಇದ್ದಳು. ಬಾಯಿಪರೀಕ್ಷೆಯ ದಿನ ಅವರು ಕಾಗದದ ಮೇಲೆ ಬರೆದುಕೊಂಡದ್ದು ಏನು, ಅಂಕವೋ, ಸೋಮವಾರ ಎಂದೋ, ಎರಡೂ ಹೌದೋ, ಅವಳಿಗೆ ತಿಳಿಯಲಿಲ್ಲ. ಇದನ್ನು ಹೇಳುತ್ತಿರುವವರಿಗೂ ಗೊತ್ತಿಲ್ಲ.